32,768ಕ್ಕೆ ಮೂರೂವರೆ ಕಡಿಮೆ

ಗೋಡೆ ಗಡಿಯಾರ, ಕೈಗಡಿಯಾರ, ಮನೆಯ ಮುಂದಿನ ವಿದ್ಯುತ್ ಮೀಟರ್, ಯಾವುದರ ಹೊಟ್ಟೆ ಬಿಚ್ಚಿದರೂ ಒಳಗೊಂದು ಪುಟ್ಟ ಲೋಹದ ಕೊಳವೆ ಸಿಗುವ ಸಂಭವ ಹೆಚ್ಚು. ಉದ್ದ 6 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಒಂದು ತುದಿಯಿಂದ ಕೂದಲೆಳೆಯಂಥ ಎರಡು ತಂತಿಗಳು ಹೊರಬಂದಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದನ್ನು ವಾಚ್ ಕ್ರಿಸ್ಟಲ್ ಎಂದು ಕೇಳಿದರೆ ಸಾಕು, ಪೊಟ್ಟಣದಿಂದ ಎಣಿಸಿ ಕೊಡುತ್ತಾರೆ. ಒಳಗಿರುವುದು ಸ್ಫಟಿಕದಿಂದ, ಅಂದರೆ ಕ್ವಾರ್ಟ್ಜ್‌ನಿಂದ ಮಾಡಿದ ಒಂದು ಪುಟಾಣಿ ಶ್ರುತಿಕವೆ. ಶಾಲೆಯ ಪ್ರಯೋಗಾಲಯದಲ್ಲಿ ರಬ್ಬರ್ ತುಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದೆವಲ್ಲ, ಅದೇ ಆಕಾರ. ಇದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಆ ಒಂದೇ ಸೆಕೆಂಡಿನ ಮುಳ್ಳನ್ನು ಮುಂದಕ್ಕೆ ತಳ್ಳುವ ಮಿಡಿತ.

ಇಷ್ಟು ಅನೇಕರಿಗೆ ಗೊತ್ತಿರುವ ವಿಷಯವೇ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ: ಆ ಹರಳಿನ ಸ್ವಂತ ಕಂಪನ 32,768 ಅಲ್ಲ. ಅದರ ಎರಡು ತಂತಿಗಳನ್ನು ಒಂದಕ್ಕೊಂದು ಕೂಡಿಸಿ, ಹೊರಗಿನ ಯಾವ ಕೆಪಾಸಿಟರಿನ ಸಹವಾಸವೂ ಇಲ್ಲದಂತೆ ಮಾಡಿದರೆ ಅದು ಸುಮಾರು 32,764.5ಕ್ಕೆ ನಿಲ್ಲುತ್ತದೆ. ಮಿಕ್ಕ ಮೂರೂವರೆ ಕಂಪನಗಳನ್ನು ಸರ್ಕ್ಯೂಟು ಕೊಡಬೇಕು. ಕಾರ್ಖಾನೆಯವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಸರ್ಕ್ಯೂಟು ತನ್ನ ಪಾಲನ್ನು ಸರಿಯಾಗಿ ಕೊಡದಿದ್ದರೆ ಎಷ್ಟೇ ಒಳ್ಳೆಯ ಹರಳಾದರೂ ಗಡಿಯಾರ ತಪ್ಪು ಸಮಯ ತೋರಿಸುತ್ತದೆ.

ಮೊದಲು ಹರಳು ಕಂಪಿಸುವುದು ಏಕೆ ಎಂದು ನೋಡೋಣ. ಕಂಪಿಸುವುದರಲ್ಲಿ ಸ್ಫಟಿಕದ ಹೆಚ್ಚುಗಾರಿಕೆಯೇನೂ ಇಲ್ಲ. ತೂಕವೂ ಬಿಗಿಯೂ ಇರುವ ಯಾವ ಗಟ್ಟಿ ವಸ್ತುವನ್ನು ತಟ್ಟಿದರೂ ಅದು ತನ್ನದೇ ಆದ ಲಯದಲ್ಲಿ ಅದುರುತ್ತದೆ. ಬಾಗಿದ್ದನ್ನು ಹಿಂದಕ್ಕೆ ಎಳೆಯುವುದು ಬಿಗಿ, ನೆಟ್ಟಗಾದ ಮೇಲೂ ನಿಲ್ಲದೆ ಆಚೆ ಬದಿಗೆ ಒಯ್ಯುವುದು ತೂಕ. ಇವೆರಡರ ಎಳೆದಾಟದಲ್ಲಿ ಲಯ ನಿರ್ಧಾರವಾಗುತ್ತದೆ. ಬಿಗಿ ಹೆಚ್ಚಾದರೆ ಕಂಪನ ಚುರುಕು, ತೂಕ ಹೆಚ್ಚಾದರೆ ನಿಧಾನ. ಈ ವಾಕ್ಯ ನೆನಪಿರಲಿ, ಮುಂದೆ ಇದರ ಮೇಲೆಯೇ ಎಲ್ಲವೂ ನಿಂತಿದೆ.

ಸ್ಫಟಿಕದ ವಿಶೇಷ ಇರುವುದು ಬೇರೆಡೆ. ಅದು ಸಿಲಿಕಾನ್ ಮತ್ತು ಆಮ್ಲಜನಕದ ಅಣುಜಾಲ. ಸಿಲಿಕಾನ್ ಬದಿಗೆ ಧನ ವಿದ್ಯುದಂಶ, ಆಮ್ಲಜನಕದ ಬದಿಗೆ ಋಣ. ಉಪ್ಪಿನ ಹರಳಿನಲ್ಲೂ ಧನ, ಋಣಗಳಿವೆ. ಆದರೆ ಅಲ್ಲಿಯ ಜೋಡಣೆ ಎಲ್ಲ ಕಡೆಯಿಂದಲೂ ಸಮ. ಒಂದು ಬದಿಯಲ್ಲಿ ಆದ ಪಲ್ಲಟವನ್ನು ಎದುರು ಬದಿಯ ಪಲ್ಲಟ ಅಳಿಸಿಹಾಕುತ್ತದೆ. ಸ್ಫಟಿಕದಲ್ಲಿ ಪರಮಾಣುಗಳು ಒಂದು ಅಕ್ಷದ ಸುತ್ತ ಸುರುಳಿಯಾಗಿ ಏರುತ್ತವೆ, ಆ ಜೋಡಣೆಗೆ ಸಮತೆಯ ಕೇಂದ್ರವಿಲ್ಲ. ಹೀಗಾಗಿ ಹಿಂಡಿದಾಗ ಧನ, ಋಣ ವಿದ್ಯುದಂಶಗಳ ಕೇಂದ್ರಗಳು ಬೇರೆ ಬೇರೆ ಕಡೆಗೆ ಸರಿದು, ಹರಳಿನ ಒಂದು ಮುಖ ಧನವಾಗಿ ಎದುರಿನದು ಋಣವಾಗಿ ನಿಲ್ಲುತ್ತದೆ. 1880ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಕಂಡವರು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು. ಇದರ ಉಲ್ಟಾ ಕೂಡ ನಿಜವಾಗಿರಲೇಬೇಕು, ಅಂದರೆ ವೋಲ್ಟೇಜ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗಬೇಕು ಎಂದು ಮರುವರ್ಷ ಗೇಬ್ರಿಯಲ್ ಲಿಪ್‌ಮನ್ ಲೆಕ್ಕ ಹಾಕಿ ಹೇಳಿದ. ಕ್ಯೂರಿ ಸಹೋದರರು ಅದನ್ನೂ ಪ್ರಯೋಗದಲ್ಲಿ ತೋರಿಸಿಕೊಟ್ಟರು.

ಈಗ ಶ್ರುತಿಕವೆಗೆ ಬನ್ನಿ. ಅದರ ಎರಡು ಕವಲುಗಳ ಮೈಮೇಲೆ ತೆಳುವಾದ ಲೋಹದ ಪಟ್ಟಿಗಳನ್ನು ಲೇಪಿಸಿರುತ್ತಾರೆ. ವೋಲ್ಟೇಜ್ ಬಂದಾಗ ಪ್ರತಿ ಕವಲಿನ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಕುಗ್ಗುವಂತೆ ಆ ಪಟ್ಟಿಗಳ ವಿನ್ಯಾಸ ಇರುತ್ತದೆ. ಹಾಗಾಗಿ ಕವಲು ಬಾಗುತ್ತದೆ. ಎರಡು ಕವಲುಗಳೂ ಒಮ್ಮೆ ದೂರ, ಒಮ್ಮೆ ಹತ್ತಿರ ಹೀಗೆ ಎದುರುಬದುರಾಗಿ ಆಡುವುದರಿಂದ ಬುಡ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಬುಡ ಅಲುಗದಿದ್ದರೆ ಕಂಪನದ ಶಕ್ತಿ ಕೊಳವೆಗೆ ಸೋರಿಹೋಗುವುದಿಲ್ಲ. ಒಳಗೆ ಗಾಳಿಯನ್ನೂ ತೆಗೆದಿರುತ್ತಾರೆ. ಸ್ಫಟಿಕದೊಳಗಿನ ಸವಕಳಿಯಂತೂ ತೀರಾ ಕಡಿಮೆ. ಇವೆಲ್ಲದರ ಫಲವಾಗಿ, ಒಮ್ಮೆ ಮೀಟಿ ಬಿಟ್ಟ ಕವೆಯ ಓಲಾಟ ಮೂರನೆಯ ಒಂದು ಪಾಲಿಗೆ ಇಳಿಯುವಷ್ಟರಲ್ಲಿ ಅದು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಲ ಆಡಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡು ಅಷ್ಟೆ, ಆದರೆ ಕವೆಯ ಲೆಕ್ಕದಲ್ಲಿ ದೀರ್ಘಾಯುಷ್ಯ.

ಈ ದೀರ್ಘಾಯುಷ್ಯವೇ ಅನುರಣನದ ತಿರುಳು. ಬಹಳ ಹೊತ್ತು ಆಡುವ ವಸ್ತು ತನ್ನ ಲಯಕ್ಕೆ ಹೊಂದದ ನೂಕನ್ನು ಕೇರ್ ಮಾಡುವುದಿಲ್ಲ. ಲಯ ಕೊಂಚ ತಪ್ಪಿದ ನೂಕುಗಳು ಸಾವಿರಾರು ಸುತ್ತುಗಳಲ್ಲಿ ಒಂದನ್ನೊಂದು ಕೆಡಿಸಿಕೊಳ್ಳುತ್ತವೆ, ಲಯಕ್ಕೆ ಕೂಡಿಬಂದವು ಮಾತ್ರ ಒಟ್ಟುಗೂಡುತ್ತವೆ. ಸರ್ಕ್ಯೂಟಿನಲ್ಲಿ ನೂಕುವ ಕೆಲಸ ಒಂದು ಸಣ್ಣ ಆಂಪ್ಲಿಫೈಯರಿನದು. ಹರಳಿನಿಂದ ಬಂದ ಮಿಡಿತವನ್ನು ಹಿಗ್ಗಿಸಿ ಮತ್ತೆ ಹರಳಿಗೇ ಕೊಡುತ್ತದೆ. ಆ ಆಂಪ್ಲಿಫೈಯರು ಸುಮಾರಾಗಿದ್ದರೂ ನಡೆಯುತ್ತದೆ, ಬ್ಯಾಟರಿ ಸ್ವಲ್ಪ ಇಳಿದಿದ್ದರೂ ಗಡಿಯಾರ ಹಾದಿ ತಪ್ಪುವುದಿಲ್ಲ. ಕವೆ ತನ್ನ ಹಟ ಬಿಡುವುದಿಲ್ಲ.

ಇಷ್ಟು ಹಟಮಾರಿಯಾದ ಹರಳನ್ನು ಒಂದು ಕೆಪಾಸಿಟರ್ ಹೇಗೆ ಎಳೆದಾಡುತ್ತದೆ? ಬಹಳಷ್ಟು ಪಠ್ಯಪುಸ್ತಕಗಳು ಇಲ್ಲಿ ಸಮಾನ ಸರ್ಕ್ಯೂಟ್ ಒಂದನ್ನು ಬರೆದು ಮುಂದೆ ಹೋಗಿಬಿಡುತ್ತವೆ. ನನಗೆ ಅದು ಅರೆಬರೆ ವಿವರಣೆ ಎನಿಸುತ್ತದೆ. ಹರಳಿನೊಳಗೆ ನಡೆಯುವುದನ್ನು ಕಣ್ಣಮುಂದೆ ತಂದುಕೊಳ್ಳುವುದು ಒಳ್ಳೆಯದು.

ಕವಲು ಬಾಗಿತು ಎನ್ನಿ. ಲೋಹದ ಪಟ್ಟಿಗಳ ಮೇಲೆ ವಿದ್ಯುದಂಶ ಬಂದು ಕೂಡುತ್ತದೆ. ಎರಡು ತಂತಿಗಳನ್ನು ಕೂಡಿಸಿಬಿಟ್ಟಿದ್ದರೆ ಅದು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹರಿದುಹೋಗುತ್ತದೆ. ವೋಲ್ಟೇಜ್ ಹುಟ್ಟುವುದಿಲ್ಲ. ಆಗ ಕವಲನ್ನು ಹಿಂದಕ್ಕೆ ಎಳೆಯುವುದು ಸ್ಫಟಿಕದ ಸ್ವಂತ ಬಿಗಿ ಮಾತ್ರ. ನಮ್ಮ ಹರಳಿಗೆ ಅದು 32,764.5ರ ಲಯ. ಈಗ ತಂತಿಗಳನ್ನು ಬಿಡಿಸಿಬಿಡಿ. ಹುಟ್ಟಿದ ವಿದ್ಯುದಂಶಕ್ಕೆ ಹೋಗಲು ದಾರಿಯಿಲ್ಲ. ಅಲ್ಲೇ ಕೂಡಿಕೊಂಡು ವೋಲ್ಟೇಜ್ ಆಗುತ್ತದೆ. ವೋಲ್ಟೇಜ್ ಬಿದ್ದರೆ ಹರಳು ಬಾಗುತ್ತದೆ ಎಂದೆವಲ್ಲ, ಈ ವೋಲ್ಟೇಜ್ ಅದನ್ನು ಬಾಗಿಸಲು ನೋಡುವುದು ಬಾಗಿದ ದಿಕ್ಕಿಗೆ ವಿರುದ್ಧವಾಗಿ. ಅಂದರೆ ಸ್ಫಟಿಕದ ಬಿಗಿಯ ಜೊತೆಗೆ ವಿದ್ಯುತ್ತಿನದೊಂದು ಬಿಗಿ ಸೇರಿಕೊಂಡಿತು. ಬಿಗಿ ಹೆಚ್ಚಾದರೆ ಕಂಪನ ಚುರುಕು. ಹೀಗೆ ಪೂರ್ತಿ ಬಿಡಿಸಿಟ್ಟಾಗ ಕವೆ ಸುಮಾರು 32,797ಕ್ಕೆ ಏರುತ್ತದೆ.

ಈ ಎರಡು ತುದಿಗಳ ನಡುವೆ ಇರುವುದು ಬರೀ ಮೂವತ್ತಮೂರು ಕಂಪನಗಳ ಅಂತರ. ತಂತಿಗಳ ನಡುವೆ ಒಂದು ಕೆಪಾಸಿಟರ್ ಇಟ್ಟರೆ ಈ ಅಂತರದಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತೇವೆ. ಕೆಪಾಸಿಟರ್ ದೊಡ್ಡದಾದರೆ ವಿದ್ಯುದಂಶಕ್ಕೆ ಇಳಿಯಲು ಸಾಕಷ್ಟು ಜಾಗ, ವೋಲ್ಟೇಜ್ ಏರುವುದಿಲ್ಲ, ಬಿಗಿ ಸ್ವಲ್ಪವೇ ಹೆಚ್ಚುತ್ತದೆ. ಚಿಕ್ಕದಾದರೆ ಜಾಗ ಸಾಲದು, ವೋಲ್ಟೇಜ್ ಏರುತ್ತದೆ, ಬಿಗಿಯೂ ಕಂಪನವೂ ಏರುತ್ತವೆ. ತಂಬೂರಿ ಶ್ರುತಿ ಮಾಡುವವರು ಮೊದಲು ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಹತ್ತಿರಕ್ಕೆ ತಂದು, ಆಮೇಲೆ ಕೆಳಗಿನ ಮಣಿಯನ್ನು ಅಷ್ಟಿಷ್ಟೇ ಸರಿಸಿ ತಂತಿಯ ಬಿಗಿಯನ್ನು ಸೂಕ್ಷ್ಮವಾಗಿ ತಿದ್ದುತ್ತಾರೆ. ಹರಳಿನ ವಿಷಯದಲ್ಲಿ ಬಿರಡೆಯ ಕೆಲಸ ಕಾರ್ಖಾನೆಯದು: ಕವಲಿನ ತುದಿಗೆ ಲೇಪಿಸಿದ ಲೋಹವನ್ನು ಲೇಸರಿನಿಂದ ಸುಟ್ಟು ತೂಕ ಇಳಿಸುತ್ತ ಗುರಿಗೆ ತರುತ್ತಾರೆ. ಮಣಿ ಸರಿಸುವ ಕೆಲಸ ಕೆಪಾಸಿಟರಿನದು. ವ್ಯತ್ಯಾಸ ಒಂದೇ. ಮಣಿ ಎಲ್ಲಿರಬೇಕೆಂದು ಕಾರ್ಖಾನೆಯವರು ಮೊದಲೇ ನಿರ್ಧರಿಸಿ, ಅದಕ್ಕೆ ಹೊಂದುವಂತೆ ಬಿರಡೆ ತಿರುಗಿಸಿ ಕಳಿಸಿರುತ್ತಾರೆ. ಆ ನಿರ್ಧಾರಕ್ಕೆ ಹರಳಿನ ವಿವರಪಟ್ಟಿಯಲ್ಲಿ ಲೋಡ್ ಕೆಪಾಸಿಟೆನ್ಸ್ ಎಂದು ಹೆಸರು. ವಾಚ್ ಕ್ರಿಸ್ಟಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಂಕಿ 12.5 ಪಿಕೊಫ್ಯಾರಡ್.

ಲೆಕ್ಕದ ಸೂತ್ರ ಒಂದೇ ಸಾಲಿನದು:

```
f = fs × (1 + C1 / (2 × (C0 + CL)))
```

ಇದರಲ್ಲಿ fs ಎಂದರೆ ತಂತಿ ಕೂಡಿಸಿದಾಗಿನ ಸ್ವಂತ ಕಂಪನ. CL ನಾವು ಹೊರಗಿನಿಂದ ಕೊಡುವ ಲೋಡ್. C0 ಎನ್ನುವುದು ಹರಳಿನ ಲೋಹದ ಪಟ್ಟಿಗಳು ತಮ್ಮಷ್ಟಕ್ಕೆ ತಾವೇ ಮಾಡಿಕೊಳ್ಳುವ ಕೆಪಾಸಿಟರ್, ಸುಮಾರು 1.5 ಪಿಕೊಫ್ಯಾರಡ್. ಹೊರಗೆ ಏನನ್ನೂ ಕೊಡದಿದ್ದರೂ ಅದು ಅಲ್ಲಿ ಇದ್ದೇ ಇರುತ್ತದೆ. C1 ನಿಜವಾದ ಕೆಪಾಸಿಟರ್ ಅಲ್ಲ. ಕವಲು ಎಷ್ಟು ಮೆತ್ತಗೆ ಬಾಗುತ್ತದೆ, ಬಾಗಿದಾಗ ಎಷ್ಟು ವಿದ್ಯುದಂಶ ಕೊಡುತ್ತದೆ ಎನ್ನುವುದನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳುವ ಅಂಕಿ ಅದು. ಅದರ ಬೆಲೆ ಸುಮಾರು 0.003 ಪಿಕೊಫ್ಯಾರಡ್. ಇದೇ ಲೆಕ್ಕದಲ್ಲಿ ಕವಲಿನ ತೂಕವನ್ನು ಕಾಯಿಲ್ ಎಂದುಕೊಂಡರೆ ಅದರ ಬೆಲೆ ಎಂಟು ಸಾವಿರ ಹೆನ್ರಿಯ ಹತ್ತಿರ ಬರುತ್ತದೆ! ಅಂಥ ಕಾಯಿಲ್ ಅನ್ನು ತಾಮ್ರದ ತಂತಿಯಲ್ಲಿ ಸುತ್ತಲು ಹೊರಟರೆ ಮೇಜು ಸಾಲುವುದಿಲ್ಲ. ಇಲ್ಲಿ ಅದು 6 ಮಿಲಿಮೀಟರಿನೊಳಗೆ ಕೂತಿದೆ.

12.5 ಇಟ್ಟು ಸೂತ್ರ ಬಿಡಿಸಿ. 0.003 ಅನ್ನು 28ರಿಂದ ಭಾಗಿಸಿದರೆ ಹತ್ತು ಲಕ್ಷಕ್ಕೆ 107 ಪಾಲು. 32,764.5ಕ್ಕೆ ಅಷ್ಟು ಸೇರಿಸಿದರೆ 32,768. ಮೊದಲು ಹೇಳಿದ ಮೂರೂವರೆ ಕಂಪನ ಇದೇ.

ಇನ್ನು ತಪ್ಪುವುದು ಎಲ್ಲಿ ಎಂದು ನೋಡೋಣ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಪ್ರಾಜೆಕ್ಟಿಗೆಂದು ಡಿಜಿಟಲ್ ಗಡಿಯಾರ ಮಾಡುತ್ತಿದ್ದಾನೆ ಎಂದುಕೊಳ್ಳಿ. ಅಂಗಡಿಗೆ ಹೋಗಿ 32 ಕಿಲೋಹರ್ಟ್ಸ್ ಕ್ರಿಸ್ಟಲ್ ಕೇಳುತ್ತಾನೆ. "ದೊಡ್ಡದಾ, ಚಿಕ್ಕದಾ?" ಎಂದು ಕೇಳಿ ಕೊಡುತ್ತಾರೆ, ಅಷ್ಟೆ. ವಿವರಪಟ್ಟಿ ಹುಡುಕಿ ನೋಡಿದಾಗ 12.5 ಪಿಕೊಫ್ಯಾರಡ್ ಎಂದಿದೆ. ಹರಳಿನ ಎರಡು ಕಾಲುಗಳಿಂದ ಗ್ರೌಂಡಿಗೆ ಒಂದೊಂದು ಕೆಪಾಸಿಟರ್ ಹಾಕಬೇಕೆಂದು ಅವನಿಗೆ ಗೊತ್ತು. ಸರಿ, 12ರದ್ದು ಎರಡು ಹಾಕುತ್ತಾನೆ. ಗಡಿಯಾರ ಓಡುತ್ತದೆ. ಸ್ವಲ್ಪ ಜೋರಾಗಿಯೇ ಓಡುತ್ತದೆ.

ಹರಳಿನ ಕಡೆಯಿಂದ ನೋಡಿದರೆ ಆ ಎರಡು ಕೆಪಾಸಿಟರುಗಳು ಗ್ರೌಂಡಿನ ಮೂಲಕ ಒಂದರ ಹಿಂದೆ ಒಂದು ಕೂತಿವೆ. ಹಾಗೆ ಸಾಲಾಗಿ ಕೂತಾಗ 12 ಮತ್ತು 12 ಸೇರಿ 24 ಆಗುವುದಿಲ್ಲ, 6 ಆಗುತ್ತದೆ. ಬೋರ್ಡಿನ ತಾಮ್ರದ ಗೆರೆಗಳು, ಐಸಿಯ ಕಾಲುಗಳು ಸೇರಿ ಇನ್ನೊಂದು 2 ಪಿಕೊಫ್ಯಾರಡ್ ಕೊಡುತ್ತವೆ ಎನ್ನೋಣ. ಒಟ್ಟು 8. ಹರಳು ಕೇಳಿದ್ದು 12.5. ಸೂತ್ರದ ಪ್ರಕಾರ 8ಕ್ಕೆ ಬರುವುದು ಹತ್ತು ಲಕ್ಷಕ್ಕೆ 158 ಪಾಲು, ಬರಬೇಕಿದ್ದದ್ದು 107. ಹೆಚ್ಚಾದದ್ದು 51. ದಿನಕ್ಕೆ 86,400 ಸೆಕೆಂಡು. ಅಲ್ಲಿಗೆ ಗಡಿಯಾರ ದಿನಕ್ಕೆ 4.4 ಸೆಕೆಂಡು, ತಿಂಗಳಿಗೆ ಎರಡು ನಿಮಿಷ 12 ಸೆಕೆಂಡು ಮುಂದೆ ಹೋಗುತ್ತದೆ. ಹುಡುಗ ಹರಳು ಕಳಪೆ ಎಂದು ಇನ್ನೊಂದು ತಂದು ಹಾಕುತ್ತಾನೆ. ಅದೂ ಅಷ್ಟೇ ಮುಂದೆ ಓಡುತ್ತದೆ.

ಹಾಕಬೇಕಿದ್ದದ್ದು ಎಷ್ಟು? 12.5ರಲ್ಲಿ ಬೋರ್ಡಿನ 2 ಕಳೆದರೆ 10.5, ಅದರ ಇಮ್ಮಡಿ 21. ಅಂಗಡಿಯಲ್ಲಿ ಸಿಗುವುದು 20 ಅಥವಾ 22. ಯಾವುದನ್ನು ಹಾಕಿದರೂ ತಪ್ಪು ದಿನಕ್ಕೆ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು, 20 ಹಾಕಿದರೆ ಮುಂದೆ, 22 ಹಾಕಿದರೆ ಹಿಂದೆ. ಅದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವುದು ವ್ಯರ್ಥ. ಹರಳಿನ ಕಾರ್ಖಾನೆಯ ಶ್ರುತಿಯಲ್ಲೇ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 20 ಪಾಲಿನಷ್ಟು ಹೆಚ್ಚುಕಡಿಮೆ ಇರುತ್ತದೆ, ಅದು ದಿನಕ್ಕೆ 1.7 ಸೆಕೆಂಡು.

ಇದರ ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. DS1307 ಎಂಬ ಗಡಿಯಾರದ ಐಸಿ ವಿದ್ಯಾರ್ಥಿಗಳ ಕೈಯಲ್ಲಿ ಬಹಳ ಓಡಾಡುತ್ತದೆ. 12.5ಕ್ಕೆ ಬೇಕಾದ ಕೆಪಾಸಿಟರುಗಳು ಅದರ ಹೊಟ್ಟೆಯೊಳಗೇ ಇವೆ, ಹೊರಗಿನಿಂದ ಏನೂ ಹಾಕಬೇಕಿಲ್ಲ. ಆದರೆ ಕ್ರಿಸ್ಟಲ್ ಇದ್ದಲ್ಲಿ ಎರಡು ಕೆಪಾಸಿಟರ್ ಇರಲೇಬೇಕು ಎಂದು ಕಲಿತವರು 22ರದ್ದು ಎರಡು ಸೇರಿಸಿಬಿಡುತ್ತಾರೆ. ಲೋಡ್ 23.5ಕ್ಕೆ ಏರಿ ಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುತ್ತದೆ. ಇನ್ನೂ ಹೆಚ್ಚಿನದನ್ನು ಹಾಕಿದರೆ ನೂಕುವ ಆಂಪ್ಲಿಫೈಯರಿಗೇ ಉಸಿರು ಸಾಲದೆ ಹರಳು ಶುರುವಾಗುವುದೇ ಇಲ್ಲ.

ಗಡಿಯಾರ ತಪ್ಪುತ್ತಿದೆ ಎಂದಾಗ ತಪ್ಪು ಕೆಪಾಸಿಟರಿನದೋ ಬಿಸಿಲಿನದೋ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಈ ಬಗೆಯ ಕವೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅತಿ ಚುರುಕು. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 35 ಡಿಗ್ರಿಗೆ ದಿನಕ್ಕೆ ಸೆಕೆಂಡಿನ ಮೂರನೆಯ ಒಂದು ಪಾಲು ಹಿಂದೆ ಬಿದ್ದರೆ, 45 ಡಿಗ್ರಿಗೆ ಸುಮಾರು 1.2 ಸೆಕೆಂಡು ಬೀಳುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತ ಮೀಟರ್ ಡಬ್ಬದೊಳಗೆ ಅಷ್ಟು ಬಿಸಿ ಏನೂ ಹೆಚ್ಚಲ್ಲ. ಗಮನಿಸಬೇಕಾದದ್ದು ಇದು: ಸೆಖೆ, ಚಳಿ ಎರಡೂ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತವೆಯೇ ಹೊರತು ಮುಂದಕ್ಕೆ ಒಯ್ಯುವುದಿಲ್ಲ. ಹೀಗಾಗಿ ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಮುಂದೆ ಓಡುವ ಗಡಿಯಾರದಲ್ಲಿ ಮೊದಲು ಅನುಮಾನಿಸಬೇಕಾದ್ದು ಲೋಡ್ ಕಡಿಮೆಯಾಗಿದೆಯೇ ಎಂದು. ಹಿಂದೆ ಬೀಳುತ್ತಿದ್ದರೆ, ಆ ಪ್ರಮಾಣ ಋತುವಿನೊಂದಿಗೆ ಬದಲಾಗುತ್ತದೆಯೇ ನೋಡಿ. ಬದಲಾದರೆ ತಾಪಮಾನ, ವರ್ಷವಿಡೀ ಒಂದೇ ಸಮ ಇದ್ದರೆ ಲೋಡ್ ಹೆಚ್ಚು. ಒಂದು ದಿನ ಸರಿ, ಇನ್ನೊಂದು ದಿನ ಹತ್ತಾರು ಸೆಕೆಂಡು ತಪ್ಪು ಎಂದಾದರೆ ಎರಡೂ ಅಲ್ಲ. ಬೆಸುಗೆಯ ಫ್ಲಕ್ಸ್ ಕಾಲುಗಳ ನಡುವೆ ಉಳಿದು, ಮಳೆಗಾಲದ ತೇವ ಹೀರಿ ಸೋರಿಕೆ ಮಾಡುತ್ತಿರಬಹುದು. ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ ತೊಳೆದು ಒಣಗಿಸಿ ನೋಡಿ.

ಅಳೆಯುವಾಗ ಒಂದು ಎಚ್ಚರ ಬೇಕು. ಆಸಿಲ್ಲೋಸ್ಕೋಪಿನ ಪ್ರೋಬನ್ನು ನೇರ ಹರಳಿನ ಕಾಲಿಗೆ ಮುಟ್ಟಿಸಬೇಡಿ. ಸಾಧಾರಣ ಪ್ರೋಬಿಗೇ ಹತ್ತು, ಹನ್ನೆರಡು ಪಿಕೊಫ್ಯಾರಡ್ ಇರುತ್ತದೆ. ಮುಟ್ಟಿಸಿದ ಕ್ಷಣ ಲೋಡ್ ಬದಲಾಗುತ್ತದೆ, ಎಷ್ಟೋ ಸಲ ಹರಳು ನಿಂತೇಹೋಗುತ್ತದೆ. ಐಸಿಯಿಂದ ಹೊರಬರುವ ಸೆಕೆಂಡಿನ ಮಿಡಿತವನ್ನೋ ಅಥವಾ ಬೇರೆ ಔಟ್‌ಪುಟ್ಟನ್ನೋ ಅಳೆಯಬೇಕು. ಉಪಕರಣವೇ ಇಲ್ಲದವರು ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಹೊಂದಿಸಿಟ್ಟು ಹತ್ತು ದಿನ ಬಿಟ್ಟು ನೋಡಿದರೂ ಸಾಕು. ದಿನಕ್ಕೆ ಒಂದು ಸೆಕೆಂಡು ಎಂದರೆ ಹತ್ತು ಲಕ್ಷಕ್ಕೆ 11.6 ಪಾಲು.

ಹಾಗಾದರೆ ಹರಳನ್ನು ನೇರ 32,768ಕ್ಕೇ ಶ್ರುತಿ ಮಾಡಿ, ಲೋಡ್ ಎಷ್ಟಿದ್ದರೂ ಅಲುಗದ ಹಾಗೆ ಮಾಡಬಾರದೇ ಎಂದು ಕೇಳಬಹುದು. ಲೋಡ್ ತುಂಬ ದೊಡ್ಡದಾಗಿದ್ದರೆ ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ, ಆದರೆ ಪ್ರತಿ ಕಂಪನಕ್ಕೂ ಆ ದೊಡ್ಡ ಕೆಪಾಸಿಟರನ್ನು ತುಂಬಿ ಬರಿದು ಮಾಡಲು ಬ್ಯಾಟರಿ ಹೆಚ್ಚು ಕೊಡಬೇಕಾಗುತ್ತದೆ. ಬ್ಯಾಟರಿ ಉಳಿಸಬೇಕೆಂದೇ ಈಗೀಗ 7, 6 ಪಿಕೊಫ್ಯಾರಡ್‌ನ ಹರಳುಗಳು ಬಂದಿವೆ. ಅವು ಎಳೆತಕ್ಕೆ ಬಲು ಬೇಗ ಒಲಿಯುತ್ತವೆ. 12.5ರ ಹರಳಿನಲ್ಲಿ ಒಂದು ಪಿಕೊಫ್ಯಾರಡ್ ತಪ್ಪಿದರೆ ದಿನಕ್ಕೆ ಮುಕ್ಕಾಲು ಸೆಕೆಂಡಿನೊಳಗೆ ಹೋಗುತ್ತದೆ. 6ರದ್ದರಲ್ಲಿ ಅದೇ ತಪ್ಪಿಗೆ ಎರಡು ಸೆಕೆಂಡಿನ ಮೇಲೆ. ಬೋರ್ಡಿನ ಗೆರೆ ಅಷ್ಟು ಉದ್ದವಾದರೂ ಸಾಕು, ವ್ಯತ್ಯಾಸ ಕಾಣುತ್ತದೆ.

ಎಳೆತ ದೋಷ ಮಾತ್ರವಲ್ಲ, ಉಪಕಾರಿಯೂ ಹೌದು. ಹಳೆಯ ಕ್ವಾರ್ಟ್ಜ್ ಕೈಗಡಿಯಾರಗಳೊಳಗೆ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಅದು ಬದಲಾಯಿಸಬಹುದಾದ ಕೆಪಾಸಿಟರ್, ರಿಪೇರಿಯವರು ಅದನ್ನು ಕೂದಲೆಳೆಯಷ್ಟು ತಿರುಗಿಸಿ ಗಡಿಯಾರವನ್ನು ಸರಿದಾರಿಗೆ ತರುತ್ತಿದ್ದರು. DS3231 ಎಂಬ ಐಸಿ ಅದನ್ನು ತಾನೇ ಮಾಡಿಕೊಳ್ಳುತ್ತದೆ. ತನ್ನ ತಾಪಮಾನ ಅಳೆದು, ಒಳಗಿನ ಕೆಪಾಸಿಟರುಗಳ ಸಾಲಿನಲ್ಲಿ ಬೇಕಾದಷ್ಟನ್ನು ಸೇರಿಸಿ, ಬೇಡವಾದದ್ದನ್ನು ಬಿಟ್ಟು, ಬಿಸಿಲು ಕೆಳಗೆ ಎಳೆದಷ್ಟನ್ನು ಲೋಡಿನಿಂದ ಮೇಲಕ್ಕೆ ಎಳೆಯುತ್ತದೆ. 0ರಿಂದ 40 ಡಿಗ್ರಿಯ ನಡುವೆ ಅದರ ತಪ್ಪು ಹತ್ತು ಲಕ್ಷಕ್ಕೆ 2 ಪಾಲಿನೊಳಗೆ ಎಂದು ತಯಾರಕರ ಭರವಸೆ, ವರ್ಷಕ್ಕೆ ಒಂದು ನಿಮಿಷ ಮೂರು ಸೆಕೆಂಡು.

ನೀವೇ ಗಡಿಯಾರ ಮಾಡುವವರಾದರೆ, ಅಥವಾ ಮಕ್ಕಳಿಗೆ ಮಾಡಿಸುವವರಾದರೆ, ಅಂಗಡಿಯಲ್ಲಿ 32 ಕಿಲೋಹರ್ಟ್ಸ್ ಎಂದು ಕೇಳಿ ಸುಮ್ಮನಾಗಬೇಡಿ, ಎಷ್ಟು ಪಿಕೊಫ್ಯಾರಡ್‌ನದು ಎಂದೂ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ 12.5 ಎಂದು ಹಿಡಿದು ಶುರುಮಾಡಿ, ಐಸಿಯ ಹೊಟ್ಟೆಯಲ್ಲಿ ಕೆಪಾಸಿಟರ್ ಇದೆಯೇ ಎಂದು ಅದರ ವಿವರಪಟ್ಟಿಯಲ್ಲಿ ನೋಡಿಕೊಂಡು, ಆಮೇಲೆ ಬೆಸುಗೆಗೆ ಕೈ ಹಾಕಿ.